ಸ್ಟಾರ್ ಒತ್ತಿದ ನೀಲಗಂಗವ್ವ

ಬೆಟಗೇರಿ ಬಸ್ ನಿಲ್ದಾಣದ ಎದುರಿನ ಮೊಬೈಲಿಗೆ ಕರೆನ್ಸಿ ಹಾಕುವ ನನ್ನ ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಒಂದು ನನ್ನದು. ಇನ್ನೊಂದು ಗಿರಾಕಿಗಳದ್ದು ಎಂದು ನಾನು ತಿಳಿದಿದ್ದೆ, ತನ್ನದು ಎಂದು ಮದುವೆ ದಲ್ಲಾಳಿ ನೀಲಗಂಗವ್ವ ತಿಳಿದಿದ್ದಳು. ದಿನಾ ಹನ್ನೊಂದಕ್ಕೆ ಬಂದು, ಕಾಲು ಮೇಲೆತ್ತಿ ಕೂತು, ಚೀಲದಿಂದ ವರಗಳ ವಹಿ ತೆಗೆಯುವಳು. ಜಾತಕ, ಗೋತ್ರ, ಸಂಬಳ ಎಲ್ಲ ಅದರಲ್ಲಿತ್ತು. ಆದರೆ ಅವಳು ನಂಬುತ್ತಿದ್ದುದು ಕಾಲರ್ ಟ್ಯೂನನ್ನು ಮಾತ್ರ.

ಎರಡು ಸಾವಿರದ ಒಂಬತ್ತನೆಯ ಇಸವಿ. ಊರಿನಲ್ಲಿ ಹಾಡಿಲ್ಲದ ಫೋನು ಇರಲಿಲ್ಲ. ಯಾರಿಗೆ ಫೋನು ಹಚ್ಚಿದರೂ ಅವರು ಎತ್ತುವ ತನಕ ಅವರ ಪರವಾಗಿ ಒಂದು ಹಾಡು ಬಂದು ನಮಸ್ಕಾರ ಹೇಳುತ್ತಿತ್ತು. ನೀಲಗಂಗವ್ವ ಗಂಡಿಗೆ ಫೋನು ಹಚ್ಚುವಳು, ಹಾಡು ಕೇಳುವಳು, ಅವನು ಎತ್ತುವ ಮೊದಲೇ ಕತ್ತರಿಸುವಳು. ಎತ್ತದಿದ್ದರೆ ದುಡ್ಡೂ ಹೋಗುವುದಿಲ್ಲವಲ್ಲ.

"ದೇಶಭಕ್ತಿ ಹಾಡೈತಿ. ಇಂವಾ ಪಂಚಾಯ್ತಿ ಇಲೆಕ್ಷನ್‌ಗೆ ನಿಲ್ಲಾಂವ. ಹೆಂಡ್ತಿ ಮನಿ ತುಂಬಾ ಚಾ ಕಾಸಬೇಕು," ಎನ್ನುವಳು. ಭಕ್ತಿಗೀತೆ ಬಂದರೆ, "ಸಾಲಗಾರ. ಕೇಳಾಕ ಬಂದಾವ್ರು ದೇವರ ಹಾಡು ಕೇಳಿ ಮೆತ್ತಗಾಗ್ಲಿ ಅಂತ ಹಾಕ್ಯಾನ." ಕೂಸಿನ ನಗು ಕೇಳಿಸಿದರೆ, ಇವನಿಗೆ ಆಗಲೇ ಸಂಸಾರವಿದೆ ಎಂದು ವಹಿಯಲ್ಲಿ ಆ ಹೆಸರಿಗೆ ಕಾಟು ಬೀಳುತ್ತಿತ್ತು. ಬರೀ ಟ್ರಿಣ್ ಟ್ರಿಣ್ ಬಂದರೆ ಮಾತ್ರ ಅವಳ ಮುಖ ಅರಳುತ್ತಿತ್ತು. "ಹಿಡಿತದ ಹುಡುಗ," ಎನ್ನುವಳು. ಅವನ ಫೋನಿನಲ್ಲಿ ಕರೆನ್ಸಿಯೇ ಇಲ್ಲದೆ ಹಾಡು ನಿಂತಿದೆ ಎಂಬುದು ನನಗೆ ಗೊತ್ತಿರುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ.

ಹೀಗೆ ಊರವರ ಇನ್ನೂರು ಮದುವೆ ಮಾಡಿಸಿದವಳ ಮನೆಯಲ್ಲೇ ಮಗಳು ಪ್ರೇಮಾ ಇಪ್ಪತ್ತೊಂಬತ್ತಾದರೂ ಮದುವೆಯಿಲ್ಲದೆ ಕೂತಿದ್ದಳು. ಹೊಲಿಗೆ ಕಲಿಸುವ ಹುಡುಗಿ, ಮಾತು ಕಡಿಮೆ. ಎರಡು ವರ್ಷದ ಹಿಂದೆ ನರಗುಂದದ ಲೈನ್‌ಮನ್ ಫಕೀರೇಶ ನೋಡಿಕೊಂಡು ಹೋಗಿದ್ದ. ಹುಡುಗಿಗೆ ಹುಡುಗ, ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿದ್ದರು. ಮರುದಿನ ಅವ್ವ ಫೋನು ಹಚ್ಚಿದಳು. ಪ್ರೀತಿಯಲ್ಲಿ ಮೋಸ ಹೋದವನೊಬ್ಬ ಗೋಳೋ ಎಂದು ಅಳುವ ಹಾಡು ಬಂತು.

"ಹಳೇ ಲಫಡಾ ಐತಿ ಇವಂಗ. ಬ್ಯಾಡ," ಎಂದಳು.

"ನಾ ಹಾಡಿನ ಕೂಡ ಬಾಳೇ ಮಾಡಂಗಿಲ್ಲ ಬೇ," ಎಂದಳಂತೆ ಪ್ರೇಮಾ.

"ಬಾಗಲಾನ ಹಿಂಗಿದ್ರ ಒಳಗಿನ ಮನಿ ಹ್ಯಾಂಗಿದ್ದೀತು?" ಎಂದು ಅವ್ವ ಆ ಪುಟ ಮಡಿಚಿದಳು. ಅಷ್ಟಕ್ಕೇ ಬಿಡಲಿಲ್ಲ. ನರಗುಂದದ ಕಡೆಯ ದಲ್ಲಾಳಿಗಳಿಗೆಲ್ಲ ಸುದ್ದಿ ಮುಟ್ಟಿಸಿದಳು.

ಈಗ ಇಳಕಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಸೀರೆ ವ್ಯಾಪಾರದ ಮನೆ, ಹುಡುಗನ ಫೋನಿನಲ್ಲಿ ಬರೀ ಟ್ರಿಣ್ ಟ್ರಿಣ್. ಹುಡುಗನ ತಾಯಿ ಗುರುವಾರ ಫೋನು ಮಾಡಿ ಗಟ್ಟಿ ಮಾತು ಹೇಳುತ್ತೇನೆ ಅಂದಿದ್ದರು. ಇದೂ ತಪ್ಪಿದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ ಎಂದು ನೀಲಗಂಗವ್ವ ನನ್ನೆದುರು ಮೊದಲ ಸಲ ಕಣ್ಣೊರೆಸಿಕೊಂಡಳು.

ಆ ವಾರ ಸೋಮವಾರ ನಾನು ಏನೋ ಕೇಳಲು ಅವಳಿಗೆ ಫೋನು ಹಚ್ಚಿದೆ. ಅವಳ ಫೋನಿಗೆ ನಾನೇ ಹಾಕಿಕೊಟ್ಟ ವಚನ ಬರಬೇಕಿತ್ತು. ಬಂದದ್ದು ಒಬ್ಬಳು ಕುಣಿಯುತ್ತ, ಬಿದ್ದುಹೋದ ರವಿಕೆಯ ಗುಂಡಿ ಹುಡುಕಿಕೊಡಲು ಊರ ಗಂಡಸರನ್ನೆಲ್ಲ ಕರೆಯುವ ಹಾಡು. ಅರ್ಧ ಹಾಡಿಗೆ ಅವಳು ಎತ್ತಿದಳು. ಯಾಕೆ ಹಚ್ಚಿದ್ದೆ ಎನ್ನುವುದು ನನಗೆ ಮರೆತೇ ಹೋಗಿತ್ತು.

ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಯೋಗ್ಯತೆ ಅಷ್ಟು. ಮಂಗಳವಾರ ಎರಡು ಸಲ ಹಚ್ಚಿದೆ, ಬುಧವಾರ ಚಹಾದಂಗಡಿಯವನಿಗೂ ಕೇಳಿಸಿದೆ. ಊರಿಗೆ ಊರೇ ಅವಳಿಗೆ ಫೋನು ಹಚ್ಚುತ್ತಿತ್ತು. ತನ್ನ ಗಿರಾಕಿಗಳು ಹೆಚ್ಚಾಗಿದ್ದಾರೆ ಎಂದು ಅವಳು ಬೀಗಿದಳು. ತನ್ನ ಹಾಡು ತನ್ನ ಕಿವಿಗೆ ಕೇಳಿಸದು, ಹಚ್ಚಿದವರಿಗಷ್ಟೇ ಕೇಳಿಸುತ್ತದೆ.

ಗುರುವಾರ ಇಳಕಲ್ಲಿನ ಫೋನು ನನ್ನ ಅಂಗಡಿಯಲ್ಲೇ ಬಂತು. ಚೀಲದೊಳಗಿನ ಫೋನು ತಡಕಿ ತೆಗೆಯಲು ಅವಳಿಗೆ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಇಳಕಲ್ಲಿನವರ ಕಿವಿಯಲ್ಲಿ ಆ ಹಾಡೇ ನಡೆದಿತ್ತು. ಅವಳು "ಹೇಳ್ರಿ ಬೀಗರ," ಎಂದು ಶುರು ಮಾಡಿ, ಆಮೇಲೆ ಬರೀ ಕೇಳಿದಳು. ಫೋನು ಮಡಿಲಿಗಿಟ್ಟಳು.

"ಏನಂದ್ರು ದೊಡ್ಡವ್ವ?" ಎಂದೆ.

"ಬ್ಯಾಡ ಅಂದ್ರು. ಬಾಗಲಾನ ಹಿಂಗಿದ್ರ ಒಳಗ ಹ್ಯಾಂಗಿದ್ದೀತು ಅಂದ್ರು. ಯಾವ ಬಾಗಲಾನೋ ರಾಜೇಸಾಬ, ನಮ್ಮ ಬಾಗಲಾ ಏನಾಗೇತಿ?"

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ನನ್ನ ಫೋನಿನಿಂದ ಅವಳ ನಂಬರಿಗೆ ಹಚ್ಚಿ ಅವಳ ಕಿವಿಗೆ ಕೊಟ್ಟೆ. ಅವಳ ಮಡಿಲಿನಲ್ಲಿ ಅವಳ ಫೋನು ಸುಮ್ಮನೆ ಗಂಟೆ ಬಾರಿಸುತ್ತಿತ್ತು, ಕಿವಿಯಲ್ಲಿ ಗುಂಡಿ ಹುಡುಕುವ ಹಾಡು. ಕೊನೆಯ ತನಕ ಕೇಳಿದಳು.

"ಇದ ಲಕ್ಕುಂಡಿ ಟ್ರ್ಯಾಕ್ಟರ್ ಹುಡುಗಂದು," ಎಂದಳು. "ಹೋದ ಶನಿವಾರ ಕೇಳಿದ್ದೆ. ಇದು ನನ್ನ ಫೋನಿಗೆ ಹ್ಯಾಂಗ ಬಂತು?"

ನಾನು ಕೂತು ವಿಚಾರ ಮಾಡಿದೆ. ಇನ್ನೊಬ್ಬರ ಹಾಡು ಕೇಳುತ್ತಿರುವಾಗ ಸ್ಟಾರ್ ಒತ್ತಿದರೆ ಆ ಹಾಡು ನಮ್ಮ ಫೋನಿಗೂ ಬಂದು ಕೂರುತ್ತದೆ. ಹಾಡಿನ ಮೊದಲಿಗೆ ಅದನ್ನೇ ಒಬ್ಬಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ನೀಲಗಂಗವ್ವನಿಗೆ ಫೋನು ಚೀಲಕ್ಕೆ ಹಾಕುವಾಗಲೆಲ್ಲ ಲಾಕ್ ಮಾಡುವ ಚಾಳಿ, ಆ ಫೋನಿನಲ್ಲಿ ಲಾಕಿಗೂ ಸ್ಟಾರೇ. ಅವತ್ತು ಕತ್ತರಿಸುವ ಮೊದಲೇ ಹೆಬ್ಬೆರಳು ಸ್ಟಾರಿನ ಮೇಲೆ ಹೋಗಿತ್ತು. ಹಾಡು ಬದಲಾಗಿದೆ, ತಿಂಗಳಿಗೆ ಮೂವತ್ತು ರೂಪಾಯಿ ಕಡಿಯುತ್ತೇವೆ ಎಂಬ ಇಂಗ್ಲಿಷ್ ಮೆಸೇಜು ಓದದ ಮೆಸೇಜುಗಳ ರಾಶಿಯಲ್ಲಿ ಬಿದ್ದಿತ್ತು.

"ನಿನಗ ಯಾವಾಗ ಗೊತ್ತಾತು?" ಎಂದಳು.

"ಸೋಮವಾರ."

ಅವಳು ನನ್ನ ಫೋನನ್ನು ನನ್ನ ಕೈಗೆ ವಾಪಸ್ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಇಳಕಲ್ಲಿಗೆ ನಾನೇ ಫೋನು ಹಚ್ಚಿ, ಹಾಡು ಅವಳಿಗೆ ಗೊತ್ತಿಲ್ಲದೆ ಬಂದದ್ದು, ಗೊತ್ತಿದ್ದೂ ಹೇಳದ ತಪ್ಪು ನನ್ನದೆಂದು ಹೇಳಿದೆ. ಆ ತಾಯಿ ನಂಬಲಿಲ್ಲ. "ತಮ್ಮ ಫೋನ್ದಾಗ ಏನೈತಿ ಅಂತ ಗೊತ್ತಿಲ್ಲದವ್ರು ಇರ್ತಾರೇನ್ರಿ?" ಎಂದು ಫೋನು ಇಟ್ಟರು.

ಅದನ್ನು ಹೇಳಿದಾಗ ನೀಲಗಂಗವ್ವ ಚೀಲದಿಂದ ವಹಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇರ್ತಾರೇನೋ?"

"ಅರ್ಧಾ ಊರು ಹಂಗ ಐತಿ ದೊಡ್ಡವ್ವ. ಕಂಪನಿಯವ್ರು ತಿಂಗಳು ಪುಕ್ಕಟೆ ಅಂತ ತಾವ ಹಾಕ್ತಾರ, ಆಮೇಲೆ ತಗಿಯಂಗಿಲ್ಲ. ಫೋನಿನ ಮಾಲಕಗ ಗೊತ್ತ ಇರಂಗಿಲ್ಲ."

ಅವಳು ವಹಿ ತೆರೆದು ಮಡಿಚಿದ ಪುಟ ಬಿಡಿಸಿದಳು.

"ಪ್ರೇಮಾನ್ನ ಒಂದ ಮಾತು ಕೇಳು ಮೊದ್ಲ," ಎಂದೆ.

"ಆಕಿ ಎರಡು ವರ್ಷದಿಂದ ಹೇಳಾಕತ್ಯಾಳ. ನಾನ ಕೇಳಿಲ್ಲ."

ಫಕೀರೇಶನ ನಂಬರಿಗೆ ಹಚ್ಚಿದಳು. ಆ ಸಣ್ಣ ಫೋನಿನಿಂದ ನನಗೂ ಕೇಳಿಸಿತು. ಅದೇ ಗೋಳು, ಅದೇ ಮೋಸ ಹೋದವನು. ಅವಳು ಹೆಬ್ಬೆರಳನ್ನು ಫೋನಿನಿಂದ ದೂರ, ಮಗುವನ್ನು ಒಲೆಯಿಂದ ದೂರ ಹಿಡಿದಂತೆ ಹಿಡಿದುಕೊಂಡು, ಅವನು ಎತ್ತುವ ತನಕ ಕಾದಳು.

"ಯಪ್ಪಾ, ನಾ ಬೆಟಗೇರಿ ನೀಲಗಂಗವ್ವ. ಮದುವಿ ಆತೇನು ನಿನಗ?"

"ಎಲ್ಲೀ ಮದುವೀರಿ ಅತ್ತಿ," ಎಂದಿತು ಆ ಕಡೆಯ ದನಿ. "ಹನ್ನೊಂದ ಕಡೆ ನೋಡಿದ್ವಿ. ಬಂದಾಗ ಚಂದ ಮಾತಾಡ್ತಾರ, ಊರಿಗೆ ಹೋಗಿ ಫೋನ್ ಹಚ್ತೀವಿ ಅಂತಾರ. ಹಚ್ಚಿದವ್ರು ಆಮೇಲೆ ಮಾತ ಆಡಂಗಿಲ್ಲ. ಯಾಕಂತ ಒಬ್ರೂ ಹೇಳವಲ್ರು."

ನೀಲಗಂಗವ್ವ ಕಣ್ಣು ಮುಚ್ಚಿಕೊಂಡಳು. "ತಪ್ಪು ನಂದೈತಿ ಯಪ್ಪಾ," ಎಂದು ಹಾಡಿನ ಕತೆಯನ್ನೆಲ್ಲ ಹೇಳಿದಳು, ದಲ್ಲಾಳಿಗಳಿಗೆ ಸುದ್ದಿ ಮುಟ್ಟಿಸಿದ್ದನ್ನೂ ಬಿಡದೆ. ಪ್ರೇಮಾ ಇನ್ನೂ ಅವನ ಹೆಸರೇ ಹೇಳುತ್ತಾಳೆ ಎಂದಳು.

"ರವಿವಾರ ಬರ್ತೀನ್ರಿ," ಎಂದ ಫಕೀರೇಶ. "ಮೊದ್ಲ ಈ ಹಾಡು ತಗಸ್ತೀನಿ."

"ಏ, ಬ್ಯಾಡೋ," ಎಂದಳು ನೀಲಗಂಗವ್ವ. "ಅಕ್ಷತಿ ಬೀಳೂ ತನಕಾ ಅದು ಅಲ್ಲೇ ಇರ್ಲಿ. ಬ್ಯಾರೆ ಯಾರರ ಹಚ್ಚಿದ್ರ ಓಡಿ ಹೋಗ್ತಾರ."