ಏಳು ನೆಲದ ಗುಂಡಿ

ಕೊಪ್ಪದಿಂದ ಜಯಪುರದ ಕಡೆ ಹೋಗುವಾಗ ಸಿಗುವ ಒಂದು ದಿಬ್ಬದಲ್ಲಿ ನಾನು ಎರಡು ಸೀಸನ್ ಉತ್ಖನನ ಮಾಡಿದೆ. ದಿಬ್ಬದೊಳಗೆ ಹೂತು ಹೋದ ಹಳೇ ಮನೆಯೊಂದಿತ್ತು. ಅಗೆದ ಗುಂಡಿಯ ಒಂದು ಬದಿಯನ್ನು ನೇರವಾಗಿ ಕೆತ್ತಿ ನೋಡಿದರೆ, ತೆಳು ಕಪ್ಪು ಗೆರೆ ಹೊತ್ತ ಏಳು ನೆಲಗಳು ಒಂದರ ಮೇಲೊಂದು ಕಾಣುತ್ತಿದ್ದವು. ಆ ಮನೆಯನ್ನು ಏಳು ಸಲ ಕಟ್ಟಿದ್ದಾರೆ ಎಂದು ನಾನು ವರದಿ ಬರೆದೆ. ಏಳೂ ಪದರಕ್ಕೆ ನಂಬರಿನ ಚೀಟಿ ಚುಚ್ಚಿದ್ದೆ. ಒಳಗೊಳಗೆ ಅನುಮಾನ ಇರಲಿಲ್ಲ ಎಂದರೆ ಸುಳ್ಳು. ಆದರೆ ಏಳು ಹಂತ ಇದ್ದರೆ ಮುಂದಿನ ಸೀಸನ್ನಿಗೂ ಮಂಜೂರಾತಿ ಸಿಗುತ್ತಿತ್ತು. ಇಲ್ಲದಿದ್ದರೆ ಗುಂಡಿ ಮುಚ್ಚಿ ಗಂಟುಮೂಟೆ ಕಟ್ಟಬೇಕು.

ಅದನ್ನು ತೀರ್ಮಾನಿಸಲು ನಮ್ಮ ನಿರ್ದೇಶಕರು ಸೋಮವಾರ ಬರುವವರಿದ್ದರು. ಶನಿವಾರ ನಾನು ಕೆಲಸದ ಅಕ್ಕನಿಗೆ ಹೇಳಿದೆ, "ದೊಡ್ಡವರು ಬರ್ತಾರೆ. ಗುಂಡಿ ಚೊಕ್ಕ ಇರ್ಬೇಕು." ಈ ಅಕ್ಕ ಪಕ್ಕದ ಊರಿನವಳು, ತೋಟ ಗದ್ದೆಗಳಲ್ಲಿ ಕೆಲಸ ಮಾಡಿ ಪಳಗಿದ ಕೈ. ಮಣ್ಣಿನ ಬಣ್ಣ ಬದಲಾದರೆ ನನಗಿಂತ ಮೊದಲು ಅವಳ ಗುದ್ದಲಿ ನಿಲ್ಲುತ್ತಿತ್ತು.

ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ, ಗುಂಡಿಯ ನಾಲ್ಕೂ ಬದಿಗೆ ಕೆಮ್ಮಣ್ಣು ಬಳಿದು, ತಳವನ್ನು ಸಗಣಿಯಲ್ಲಿ ಸಾರಿಸಿ, ನಡುವೆ ರಂಗೋಲಿ ಹಾಕಿದ್ದಳು. ಏಳು ನೆಲಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ನಂಬರಿನ ಚೀಟಿಗಳೆಲ್ಲ ಒಂದು ತೆಂಗಿನ ಚಿಪ್ಪಿನಲ್ಲಿ ಗುಡ್ಡೆ ಬಿದ್ದಿದ್ದವು, ಮೇಲೊಂದು ದಾಸವಾಳ.

"ಎಂತ ಮಾಡಿದ್ದು ಇದು?" ಎಂದು ಕಿರುಚಿದೆ.

"ನೀವೇ ಚೊಕ್ಕ ಮಾಡು ಅಂದ್ರಲ್ಲ ಮಾರಾಯ್ರೆ. ಶನಿವಾರ ಒಂದ್ಸಲ ಸಾರ್ಸಿದೆ, ಬಿರುಕು ಬಿಡ್ತು. ನಿನ್ನೆ ಇದ್ದಿಲು ಪುಡಿ ಜಾಸ್ತಿ ಸೇರ್ಸಿ ಇನ್ನೊಂದ್ಸಲ ಸಾರ್ಸಿದೆ. ಈಗ ಹೇಗೆ ಹೊಳೀತದೆ ನೋಡಿ ಮೇಡಂ!"

ಅಷ್ಟರಲ್ಲಿ ಜೀಪು ಬಂತು. ನಿರ್ದೇಶಕರು ಗುಂಡಿಯ ಅಂಚಿಗೆ ಬಂದು ರಂಗೋಲಿ ನೋಡಿದರು, ಶೂ ಬಿಚ್ಚಿ ಬರಿಗಾಲಲ್ಲಿ ಇಳಿದರು. ನಾನೂ ಚಪ್ಪಲಿ ಬಿಟ್ಟೆ. ಇಬ್ಬರೂ ರಂಗೋಲಿ ತುಳಿಯದಂತೆ ಗುಂಡಿಯ ಬದಿಗೆ ಬೆನ್ನು ಸವರಿಕೊಂಡು ಅಡ್ಡಡ್ಡ ನಡೆದೆವು. ಅವರ ಬಿಳಿ ಅಂಗಿಯ ಬೆನ್ನೆಲ್ಲ ಕೆಂಪಾಯಿತು.

ನಾನು ಕರಣೆ ಹಿಡಿದು ಒಂದು ಬದಿಯನ್ನು ಎರಡು ಬೆರಳಿನಷ್ಟು ಒಳಕ್ಕೆ ಕೆತ್ತಿದೆ. ಪುಣ್ಯಕ್ಕೆ ಕೆಮ್ಮಣ್ಣು ಮೇಲೆ ಮಾತ್ರ ಇತ್ತು, ಏಳು ನೆಲಗಳು ಮತ್ತೆ ಹೊರಬಂದವು. ಕೆಳಗೆ ನಾಲ್ಕು, ನಡುವೆ ಒಡೆದ ಹೆಂಚು ಮತ್ತು ಇದ್ದಿಲಿನ ದಪ್ಪ ಪದರ, ಅದರ ಮೇಲೆ ಮೂರು.

ನಿರ್ದೇಶಕರು ಬಗ್ಗಿ ಅಕ್ಕ ಸಾರಿಸಿದ ತಳದಿಂದ ಒಂದು ಚಕ್ಕೆ ಎಬ್ಬಿಸಿದರು. ಅದರ ಅಂಚಿನಲ್ಲಿ ಎರಡು ತೆಳು ಕಪ್ಪು ಗೆರೆ ಇದ್ದವು. ಶನಿವಾರ ಒಮ್ಮೆ, ನಿನ್ನೆ ಒಮ್ಮೆ ಸಾರಿಸಿದ್ದೆಂದು ಅಕ್ಕ ಮೇಲಿನಿಂದ ಹೇಳಿದಳು. ಅದನ್ನು ನನ್ನ ನೆಲಗಳ ಪಕ್ಕ ಹಿಡಿದು ಕೇಳಿದರು, "ಹಾಗಾದ್ರೆ ಶನಿವಾರ ಒಂದು ಮನೆ, ಭಾನುವಾರ ಇನ್ನೊಂದಾ?"

ಮೇಲೆ ಕೂತಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಏಳು ಮನೆ ಎಂತದೂ ಇಲ್ಲ. ನೆಲ ಹೊಂಡ ಬಿದ್ರೆ ಮಣ್ಣು ಹಾಕಿ ಬಡಿದು ಸಾರಿಸ್ತೇವೆ. ಮನೆ ಅದೇ ಇರ್ತದೆ. ಆದ್ರೆ ಆ ಹೆಂಚಿನ ಹುಡಿ ಉಂಟಲ್ಲ, ಅಲ್ಲಿ ಹೆಂಚು ಹೊದೆಸಿದ ಮಾಡು ಕುಸಿದು ಬಿದ್ದಿದೆ. ಮಾಡು ಬಿದ್ಮೇಲೆ ಬೇರೇನೇ ಕಟ್ಟಿದ್ದು."

ನಿರ್ದೇಶಕರು ಕೆತ್ತಿದ ಬದಿಯಲ್ಲಿ ಕಾಣುತ್ತಿದ್ದ ಹಳೇ ಮನೆಯ ಗೋಡೆಯ ಪಾಯ ನೋಡಿದರು. ಮೇಲಿನ ಮೂರು ನೆಲಗಳ ಗೋಡೆಗೆ ಹಿಂದಿನವರು ತೋಡಿದ್ದ ಪಾಯ ಆ ಹೆಂಚಿನ ಪದರವನ್ನು ಕಡಿದುಕೊಂಡು ಇಳಿದಿತ್ತು. ಎಂದರೆ ಗೋಡೆ ಕಟ್ಟಿದ್ದು ಹೆಂಚು ಬಿದ್ದಾದ ಮೇಲೆ. ಉಳಿದ ನೆಲಗಳ ನಡುವೆ ಅಂಥ ಯಾವ ಕಡಿತವೂ ಇರಲಿಲ್ಲ, ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ. ಹೆಂಚಿನ ಪದರದೊಳಗೆ ನನಗೆ ಸಿಕ್ಕಿದ್ದ ತಾಮ್ರದ ನಾಣ್ಯವನ್ನೂ ಅವರು ತರಿಸಿದರು. ನಾಣ್ಯ ಹುಟ್ಟುವುದಕ್ಕೆ ಮುಂಚೆ ಮೇಲಿನ ಮನೆ ಎದ್ದಿರಲು ಸಾಧ್ಯವೇ ಇರಲಿಲ್ಲ. ಏಳು ಹಂತ ಹೋಗಿ ಎರಡಾಯಿತು. ಏಳಕ್ಕೂ ನಾನು ಬೇರೆ ಬೇರೆ ಬಣ್ಣ ತುಂಬಿ ನಕ್ಷೆ ಬರೆದಿದ್ದೆ.

"ಪದರಗಳನ್ನ ಇಷ್ಟು ಸ್ಪಷ್ಟವಾಗಿ ತೋರಿಸೋ ಸೆಕ್ಷನ್ ನಾನು ನೋಡಿಲ್ಲ," ಎಂದರು ನಿರ್ದೇಶಕರು ಬಹಳ ಖುಷಿಯಲ್ಲಿ. "ಪ್ರಶ್ನೆ ಬಗೆಹರೀತು. ಇನ್ನು ಅಗೆಯೋದೇನೂ ಇಲ್ಲ. ಮುಚ್ಚಿಬಿಡಿ." ಅಕ್ಕನಿಗೆ ಕೈ ಮುಗಿದು, ಕೆಂಪು ಬೆನ್ನು ಹೊತ್ತು ಜೀಪು ಹತ್ತಿದರು.

ಅಕ್ಕ ಅವರು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದಳು. "ಮುಚ್ಚೋದು ಅಂದ್ರೆ? ನಾಳೆಯಿಂದ ಕೆಲಸ ಇಲ್ವಾ?"

"ಮುಚ್ಚೋಕೆ ಮೂರು ದಿನ. ಆಮೇಲೆ ಇಲ್ಲ."

"ಏಳೇ ಮನೆ ಅಂದಿದ್ರೆ?"

"ಇನ್ನೊಂದು ವರ್ಷ ಇರ್ತಿತ್ತು."

ಅವಳು ಚಿಪ್ಪಿನಲ್ಲಿದ್ದ ಏಳು ಚೀಟಿಗಳನ್ನು ನೋಡಿದಳು. "ಮತ್ತೆ ಮೊದ್ಲೇ ಹೇಳೋದಲ್ವಾ ಮೇಡಂ," ಎಂದಳು. "ಇನ್ನೂ ಐದು ಸಲ ಸಾರಿಸಿ ಏಳು ಮಾಡಿ ಕೊಡ್ತಿದ್ದೆ."