ಗುಡ್ಡ ಜರಿಯುವುದರ ಓನರ್

ಮ್ಯಾನೇಜರ್ ನನ್ನನ್ನು ಮೊದಲ ಸಲ 'ಮೇಡಂ' ಎಂದು ಕರೆದ ದಿನವೇ ನನಗೆ ಅನುಮಾನ ಬಂದಿತ್ತು. ಅಲ್ಲಿಯವರೆಗೆ ನಾನು ಬರೀ 'ಹುಡುಗಿ'. "ಆ ಹುಡುಗಿಯ ಹತ್ತಿರ ಡ್ರಾಯಿಂಗ್ ಉಂಟು ನೋಡಿ" ಎನ್ನುತ್ತಿದ್ದವರು ಒಮ್ಮೆಲೇ "ಮೇಡಂ, ಚಾ ಆಯ್ತಾ?" ಎಂದರೆ ಯಾರಿಗಾದರೂ ಎಂತ ಅನಿಸಬೇಕು?

ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವ ದಾರಿಯ ಬದಿಯಲ್ಲಿ ಗುಡ್ಡ ಕಡಿದು ಮನೆ ಕಟ್ಟುವ ಕೆಲಸ ಅದು. ನಾನು ಸೈಟ್ ಎಂಜಿನಿಯರ್. ಕಾಪುವಿನ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಮ್ಮ ಬೀಡಿ ಕಟ್ಟಿ ಓದಿಸಿದಳು. ಇದನ್ನು ನಾನು ಯಾರೆದುರಿಗೂ ದನಿ ತಗ್ಗಿಸಿ ಹೇಳಿದವಳಲ್ಲ.

ಅದೇ ವಾರ ಮನೆಗೆ ಹೋದಾಗ ಅಮ್ಮ ಮಡಿಲಲ್ಲಿದ್ದ ಬೀಡಿಯ ಸೂಪು, ಎಲೆ-ಹೊಗೆಸೊಪ್ಪಿನ ಆ ಮೊರ, ಪಕ್ಕಕ್ಕಿಟ್ಟು ಕೇಳಿದಳು: "ನೀನು ಓನರ್ ಆದಿಯಂತೆ! ನನಗೆ ಹೇಳಲೇ ಇಲ್ಲ ಅಲ್ವಾ?"

"ಎಂತದರ ಓನರ್?"

"ನನಗೆಂತ ಗೊತ್ತು? ನಿಮ್ಮ ಸೂಪರ್‌ವೈಸರ್ ಬಸ್ಸಿನಲ್ಲಿ ಸಿಕ್ಕಿದ. ಆಫೀಸಿನ ಗೋಡೆಯಲ್ಲಿ ನಿನ್ನ ಹೆಸರಿನ ಮೇಲೆ ಓನರ್ ಅಂತ ಬರೆದಿದ್ದಾರಂತೆ. ಒಂದು ಮನೆ ನಿನಗೆ ಕೊಟ್ಟಿದ್ದಾರಾ ಎಂತ ಅಂತ ಅವನೇ ನನ್ನನ್ನು ಕೇಳಿದ."

ಅಮ್ಮನ ಮುಖದಲ್ಲಿ ಅಷ್ಟು ಬೆಳಕಿತ್ತು. ನಾಳೆ ನೋಡಿ ಹೇಳುತ್ತೇನೆ ಎಂದೆ.

ಗೋಡೆಯಲ್ಲಿದ್ದದ್ದು ರಿಸ್ಕ್ ರಿಜಿಸ್ಟರ್. ಕೆಲಸದಲ್ಲಿ ಏನೇನು ಅನಾಹುತ ಆಗಬಹುದೆಂದು ಸಾಲಾಗಿ ಬರೆದು, ಆಗುವ ಸಂಭವಕ್ಕೆ ಒಂದರಿಂದ ಐದು, ಆದಲ್ಲಿ ಬೀಳುವ ಪೆಟ್ಟಿನ ತೀವ್ರತೆಗೆ ಒಂದರಿಂದ ಐದು ಅಂಕ ಕೊಡುತ್ತೇವೆ. ಎರಡನ್ನೂ ಗುಣಿಸಿದಾಗ ಹೆಚ್ಚು ಬಂದರೆ ಕೆಂಪು, ನಡುವಿನದ್ದು ಹಳದಿ. ಪ್ರತಿಯೊಂದು ಸಾಲಿನಲ್ಲೂ ಅದನ್ನು ತಡೆಯುವ ಕೆಲಸ ಯಾರ ತಲೆಯ ಮೇಲೆ ಎಂದು ಹೆಸರಿರುತ್ತದೆ. ಆ ಹೆಸರಿನವರಿಗೇ 'ಓನರ್' ಎನ್ನುವುದು. ಆಸ್ತಿಯ ಓನರ್ ಅಲ್ಲ, ಅಪಾಯದ ಓನರ್.

ಮರುದಿನ ಯಾರೂ ಬರುವ ಮೊದಲು ಗೋಡೆಯ ಮುಂದೆ ನಿಂತೆ. 'ಕಡಿದ ಗುಡ್ಡ ಜರಿಯುವುದು' ಎಂಬ ಸಾಲಿನಲ್ಲಿ ನಾನೇ ನಾಲ್ಕು ಮತ್ತು ಐದು ಹಾಕಿದ್ದೆ, ಇಪ್ಪತ್ತು, ಕೆಂಪು. ಮೇಲೆ ಗಟ್ಟಿ ಕೆಂಪು ಮುರಕಲ್ಲು, ಅದರ ಕೆಳಗೆ ಜೇಡಿಯಂಥ ನುಣುಪು ಶೇಡಿ ಮಣ್ಣು. ಈ ಮಣ್ಣು ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಹಿಟ್ಟಾಗಿ ಇಳಿಯುತ್ತದೆ. ಕೆಳಗೆ ಕೆಲಸದವರ ಶೆಡ್ಡುಗಳು. ಈಗ ಆ ಸಾಲಿನಲ್ಲಿ ಎರಡು ಮತ್ತು ಐದು ಇತ್ತು. ಹತ್ತು, ಹಳದಿ. ಓನರ್ ಇದ್ದಲ್ಲಿ ಮ್ಯಾನೇಜರರ ಹೆಸರು ಹೋಗಿ ನನ್ನದು ಬಂದಿತ್ತು.

ಮೀಟಿಂಗಿನಲ್ಲಿ ಕೇಳಿದೆ. "ಸರ್, ನಾಲ್ಕು ಎರಡಾದದ್ದು ಹೇಗೆ?"

"ಮೇಲೆ ನೀರು ತಿರುಗಿಸುವ ಚರಂಡಿ ಮಾಡುತ್ತೇವಲ್ಲ ಮೇಡಂ. ಅದಕ್ಕೆ."

"ಮಾಡುತ್ತೇವೆ. ಮಾಡಿಲ್ಲ. ಮಾಡಿ ಆದ ಮೇಲೆ ಉಳಿಯುವ ಅಪಾಯಕ್ಕೆ ಪಕ್ಕದಲ್ಲಿ ಬೇರೆಯೇ ಕಾಲಂ ಉಂಟು, ಸರ್. ಎರಡು ಅಲ್ಲಿ ಬರಬೇಕಾದದ್ದು."

ಅವರು ನಕ್ಕರು. "ಅಷ್ಟು ಗೊತ್ತಿರುವುದಕ್ಕೇ ನಿಮ್ಮನ್ನು ಓನರ್ ಮಾಡಿದ್ದು."

ಆ ನಗು ನನಗೆ ಹಿಡಿಸಲಿಲ್ಲ. ಕೆಂಪಿದ್ದರೆ ಅಗೆತ ನಿಲ್ಲಿಸಬೇಕು, ಹಳದಿಯಾದರೆ ನಡೆಸಬಹುದು. ಮಳೆಗೆ ಮೊದಲು ಅಗೆತ ಮುಗಿಯಬೇಕಿತ್ತು ಅವರಿಗೆ. ಗುಡ್ಡ ನಿಂತರೆ ಅವರ ಕೆಲಸ, ಜರಿದರೆ ನನ್ನ ಹೆಸರು. ಇಡೀ ಮನೆಯ ಬೆನ್ನು ಬಗ್ಗಿಸಿ ಗಳಿಸಿದ ಡಿಗ್ರಿ, ಯಾರದೋ ಹೆಣದ ಪಕ್ಕದಲ್ಲಿ ಬರೆದಿಡಲಿಕ್ಕೆ ಅಲ್ಲ.

"ಹಾಗಾದರೆ ನಾನು ಹೇಳಿದರೆ ಜೆಸಿಬಿ ನಿಲ್ಲುತ್ತದಾ, ಸರ್?"

"ಜೆಸಿಬಿ ನಿಲ್ಲಿಸುವುದು ನಿಮ್ಮ ಲೆವೆಲ್ ಅಲ್ಲ ಮೇಡಂ."

ಮೂಲೆಯಲ್ಲಿದ್ದ ಸೂಪರ್‌ವೈಸರ್ ತಡೆಯಲಾರದೆ ಕೇಳಿಬಿಟ್ಟ: "ಅದೆಂತ ಓನರ್ ಮಾರಾಯ್ರೆ, ಜೆಸಿಬಿ ನಿಲ್ಲಿಸಲಿಕ್ಕೂ ಆಗದಿದ್ದರೆ?"

ತಮಾಷೆಗೇ ಹೇಳಿದ್ದು ಅವನು. ನಾನು ಅದೇ ಮಾತು ಹಿಡಿದೆ: ಒಂದೋ ಅಗೆತ ನಿಲ್ಲಿಸುವ ಅಧಿಕಾರ ಬರವಣಿಗೆಯಲ್ಲಿ ಕೊಡಿ, ಇಲ್ಲವೇ ಅಧಿಕಾರ ಇರುವವರ ಹೆಸರು ಹಾಕಿ. ಎರಡೂ ಆಗದಿದ್ದರೆ ನಾನು ರಿಜಿಸ್ಟರಿಗೆ ಸಹಿ ಹಾಕುವುದಿಲ್ಲ, ಹಾಕದ ಕಾರಣ ಬರೆದು ಹೆಡ್ ಆಫೀಸಿಗೆ ಕಳಿಸುತ್ತೇನೆ.

ಮ್ಯಾನೇಜರ್ ಪೆನ್ನಿನ ಕ್ಯಾಪು ತೆಗೆದರು. ಆಮೇಲೆ ನನ್ನ ಹೆಸರು ಹೊಡೆದು ತಮ್ಮದನ್ನು ಬರೆದರು. ಅಂಕ ಇಪ್ಪತ್ತಕ್ಕೆ ಮರಳಿತು. ಆಶ್ಚರ್ಯವೆಂದರೆ ತಮ್ಮ ಹೆಸರು ಬಿದ್ದ ಮೇಲೆ ಅವರಿಗೂ ಶೇಡಿ ಮಣ್ಣಿನ ಗುಣ ನೆನಪಾಯಿತು. ಆ ಸಂಜೆಯೇ ಜೆಸಿಬಿ ಗುಡ್ಡದಿಂದ ಇಳಿಯಿತು, ಶೆಡ್ಡುಗಳು ರಸ್ತೆಯ ಆಚೆಗೆ ಹೋದವು. ಚರಂಡಿಯ ಕೆಲಸ ಶುರುವಾಯಿತು.

ನಾನು ಪುನಃ 'ಹುಡುಗಿ' ಆದೆ.

ನನಗೆ ಮನೆ ಕೊಟ್ಟಿಲ್ಲ ಎಂದು ಅಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅದು ಗುಡ್ಡ ಜರಿಯುವುದರ ಓನರ್ ಅಮ್ಮಾ, ಈಗ ನಾನಲ್ಲ, ಎಂದೆ. ಅವಳು ಎಲೆ ಸುತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಈಗ ಯಾರು?"

"ಮ್ಯಾನೇಜರ್."

"ಹಾಂ," ಎಂದಳು, ದಾರ ಬಿಗಿಯುತ್ತ. "ಆದರೂ ಆಗಾಗ ಆ ಗೋಡೆಯನ್ನು ನೋಡುತ್ತಾ ಇರು."