ನೋವಿಲ್ಲದ ಗಾಯ

ಕಾಲೇಜಿನ ಮೂರು ವರ್ಷವೂ ನಾನು ಅಪ್ಪ ಓಡಿಸುತ್ತಿದ್ದ ಬಸ್ಸಿನಲ್ಲೇ ಮೂಡುಬಿದಿರೆಗೆ ಹೋಗಿಬರುತ್ತಿದ್ದೆ. ನಾರಾವಿಯಿಂದ ಹೊರಟು ಶಿರ್ತಾಡಿ ದಾಟಿ ಬರುವ ಹಳೆಯ ಖಾಸಗಿ ಬಸ್ಸು ಅದು. ಇಂಜಿನ್ ಡ್ರೈವರನ ಪಕ್ಕದಲ್ಲೇ ಇತ್ತು. ಬೇಸಿಗೆಯಲ್ಲಿ ಅದರ ಮೇಲೆ ಹಾಸಿದ ರೆಗ್ಜಿನ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ಅಪ್ಪ ಸೀಟಿಗೆ ಹತ್ತಿದೊಡನೆ ಚಪ್ಪಲಿ ಕಳಚಿ ಬದಿಗಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಡುತ್ತಿದ್ದರು. ಚಪ್ಪಲಿ ಹಾಕಿಕೊಂಡರೆ ಬ್ರೇಕು ಎಷ್ಟು ಒತ್ತಿದೆನೆಂದು ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ಆ ದಾರಿಯ ಡ್ರೈವರುಗಳಲ್ಲಿ ಹೆಚ್ಚಿನವರೂ ಹಾಗೆಯೇ ಮಾಡುತ್ತಿದ್ದರು.

ನಾನು ಹೆಂಗಸರ ಮೊದಲ ಸೀಟಿನಲ್ಲಿ, ಎಂಥ ಸೆಕೆಯಲ್ಲೂ ವೇಲನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡು ಕೂರುತ್ತಿದ್ದೆ. ಹೈಸ್ಕೂಲಿನಲ್ಲಿರುವಾಗಲೇ ನನ್ನ ಕುತ್ತಿಗೆಯ ಹಿಂಭಾಗ ಕಪ್ಪಾಗತೊಡಗಿತ್ತು. ಬರೀ ಕಪ್ಪಲ್ಲ, ಮುಟ್ಟಿದರೆ ಮಕಮಲ್ಲಿನ ಹಾಗೆ ದಪ್ಪ, ಮೆತ್ತಗೆ. ಮದುವೆ ಮನೆಯೊಂದರಲ್ಲಿ ದೊಡ್ಡಮ್ಮ ಎಲ್ಲರೆದುರು, ಇವಳಿಗೆ ಕುತ್ತಿಗೆ ತೊಳೆಯಲಿಕ್ಕೆ ಪುರುಸೊತ್ತಿಲ್ಲವಾ ಎಂದು ಕೇಳಿದ್ದರು. ಅಂದಿನಿಂದ ಪ್ರತಿ ಭಾನುವಾರ ಅಮ್ಮ ಬಚ್ಚಲಿನಲ್ಲಿ ನನ್ನನ್ನು ಕೂರಿಸಿ ಕಡಲೆಹಿಟ್ಟು, ಲಿಂಬೆಹುಳಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕಪ್ಪು ಮಾತ್ರ ಇದ್ದಲ್ಲೇ ಇರುತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ಇತ್ತು, ಆದರೆ ಟ್ರಿಪ್ಪಿನ ಗಡಿಬಿಡಿಯಲ್ಲಿ ಅದು ತಪ್ಪಿದ್ದೇ ಹೆಚ್ಚು. ಅವರ ಮೊಣಕಾಲಿನ ಕೆಳಗೆ, ಎಲುಬಿನ ಉದ್ದಕ್ಕೂ, ಕಂದು ಬಣ್ಣದ ಕಲೆಗಳಿದ್ದವು. ಗಡ್ಡ ತೆಗೆಯುವಾಗ ಬ್ಲೇಡ್ ತಾಗಿದ ಗಾಯ ವಾರಗಟ್ಟಲೆ ಹಸಿಯಾಗಿಯೇ ಇರುತ್ತಿತ್ತು. ಇಂಜಿನಿನ ಉಷ್ಣ ಮೈಗೆ ಹೊಡೆದದ್ದು ಎಂದು ನಾವೆಲ್ಲ ನಂಬಿದ್ದೆವು.

ಕೊನೆಯ ವರ್ಷದ ಏಪ್ರಿಲಿನಲ್ಲಿ ನಾನು ಒಂದು ವಿಷಯ ಗಮನಿಸಿದೆ. ಅಪ್ಪ ರಸ್ತೆಯಿಂದ ಕಣ್ಣು ತೆಗೆದು ಆಗಾಗ ತಮ್ಮ ಕಾಲನ್ನು ನೋಡಿಕೊಳ್ಳುತ್ತಿದ್ದರು. ಕೆಳಗೊಮ್ಮೆ ಕಣ್ಣು ಹಾಯಿಸುವುದು, ಮತ್ತೆ ಮುಂದೆ ನೋಡುವುದು. ಏನಾದರೂ ಬಿದ್ದಿರಬೇಕು ಎಂದುಕೊಂಡೆ.

ಒಂದು ಸಂಜೆ ಮನೆಗೆ ಬರುವಾಗ ಶಿರ್ತಾಡಿ ಕಳೆದ ಮೇಲಿನ ತಿರುವಿನಲ್ಲಿ ರಿಕ್ಷಾವೊಂದು ಎದುರಿಗೆ ಬಂತು. ಬಸ್ಸು ನಿಧಾನವಾಗಲಿಲ್ಲ. ಅಪ್ಪ ತಲೆ ತಗ್ಗಿಸಿ ಕೆಳಗೆ ನೋಡಿದ್ದನ್ನು ನಾನು ಕಂಡೆ. ಮರುಕ್ಷಣ ಬ್ರೇಕು ಬಿದ್ದ ರಭಸಕ್ಕೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ರಿಕ್ಷಾ ಚರಂಡಿಯ ಅಂಚಿಗೆ ಸರಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ರಿಕ್ಷಾದವನು ಬೈದ. ಅಪ್ಪ ಬಸ್ಸು ಮುಂದಕ್ಕೆ ಬಿಟ್ಟರು. ಅವರ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

ನಾರಾವಿಯಲ್ಲಿ ಜನ ಇಳಿದ ಮೇಲೆ ಕಂಡಕ್ಟರ್ ಪೆಡಲಿನ ಹತ್ತಿರ ಬಗ್ಗಿ ನೋಡಿದ. ಬ್ಯಾರಿ ಮುಸ್ಲಿಂ ಮನೆತನದ ಅವನು ವರ್ಷಗಳಿಂದ ಅಪ್ಪನ ಜೊತೆ ಅದೇ ಬಸ್ಸಿನಲ್ಲಿದ್ದ. ಪೆಡಲಿನ ಕೆಳಗಿನ ತಗಡಿನ ಮೇಲೆ ಒದ್ದೆ ಗುರುತಿತ್ತು. ಅಪ್ಪ, ರೇಡಿಯೇಟರಿನ ನೀರಿರಬೇಕು ಎಂದರು. ಕಂಡಕ್ಟರ್ ಬೆರಳಿನಿಂದ ಮುಟ್ಟಿ ಮೂಸಿ, ಕಾಲು ಎತ್ತಲು ಹೇಳಿದ.

ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಅಂಗಾಲಿನ ಚರ್ಮ ಬೆಂದು ಬೊಬ್ಬೆ ಎದ್ದು ಒಡೆದಿತ್ತು. ಅಂಚೆಲ್ಲ ಬೆಳ್ಳಗೆ ದಪ್ಪಗಾಗಿ, ನಡುವೆ ಹೆಬ್ಬೆಟ್ಟು ಗಾತ್ರದ ಗುಂಡಿ. ಕೆಟ್ಟ ವಾಸನೆ. ಕಾದ ತಗಡಿನ ಮೇಲೆ ಎಷ್ಟು ದಿನದಿಂದ ಆ ಕಾಲು ಬೇಯುತ್ತಿತ್ತೋ! ಅಪ್ಪ ಮಾತ್ರ ಅದು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತಿದ್ದರು.

"ನೋವೇ ಇಲ್ಲ ಮಾರಾಯ. ನೋವಿಲ್ಲದಿದ್ದರೆ ಅದು ಎಂತ ಗಾಯ?"

ಮನೆಯಲ್ಲಿ ಅಮ್ಮ ಅರಸಿನ ಹಚ್ಚಿ ಬಟ್ಟೆ ಕಟ್ಟಿದಳು. ಆಸ್ಪತ್ರೆಗೆ ಹೋಗುವ ಎಂದು ನಾನು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಬದಲಿ ಡ್ರೈವರ್ ಸಿಗುವುದಿಲ್ಲ, ಮದುವೆ ಸೀಸನ್ ಬೇರೆ, ಎರಡು ದಿನ ಹೋಗಲಿ ಎಂದರು. ಬೆಳಿಗ್ಗೆ ನೋಡಿದರೆ ಪಾದ ಊದಿತ್ತು, ಕೆಂಪು ಮೇಲಕ್ಕೆ ಹತ್ತಿತ್ತು. ಆದರೂ ಅವರು ಖಾಕಿ ಅಂಗಿ ಹಾಕಿಕೊಂಡು ಕುಂಟುತ್ತಾ ಹೊರಟರು. ನಾನು ಹಿಂದೆಯೇ ಹೋದೆ.

ಬಸ್ಸಿನ ಮೆಟ್ಟಿಲಲ್ಲಿ ಕಂಡಕ್ಟರ್ ನಿಂತಿದ್ದ. ಒಳಗೆ ಆಗಲೇ ಜನ ಕೂತಿದ್ದರು. ಅವನು ದನಿ ಏರಿಸಲಿಲ್ಲ.

"ಅಣ್ಣ, ನೀವು ಇವತ್ತು ಈ ಸೀಟಿಗೆ ಹತ್ತಿದರೆ ನಾನು ಹತ್ತುವುದಿಲ್ಲ. ನಾನು ಇಲ್ಲಿಂದಲೇ ಮನೆಗೆ ಹೋಗ್ತೇನೆ."

ಅಪ್ಪ ಅವನನ್ನು ದುರುಗುಟ್ಟಿ ನೋಡಿದರು. ನಿನಗೆ ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು. ಯಾರೂ ಇಲ್ಲ, ನಿನ್ನೆಯ ರಿಕ್ಷಾದಲ್ಲಿ ಮಕ್ಕಳಿದ್ದವು ಎಂದ ಅವನು. ಅಪ್ಪನ ಮುಖ ಇಳಿದುಹೋಯಿತು. ಮಾಲಿಕರಿಗೆ ಕಂಡಕ್ಟರನೇ ಫೋನು ಮಾಡಿ, ರಿಕ್ಷಾ ಹಿಡಿದು ನಮ್ಮನ್ನು ಮೂಡುಬಿದಿರೆಗೆ ಕಳಿಸಿದ.

ಆಸ್ಪತ್ರೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಅವರು ಮೊದಲು ಗಾಯ ಮುಟ್ಟಲಿಲ್ಲ. ಮೀನಿನ ಗಾಳದ ದಾರದಂಥ ಗಟ್ಟಿ ನೈಲಾನ್ ಎಳೆಯೊಂದನ್ನು ತೆಗೆದು ಅಪ್ಪನ ಕೈಗೆ ಒತ್ತಿ ತೋರಿಸಿದರು. ಕಣ್ಣು ಮುಚ್ಚಿ, ಕಾಲಿಗೆ ತಾಗಿದಾಗ ಹೇಳಿ ಎಂದರು. ಅಪ್ಪ ಕಣ್ಣು ಮುಚ್ಚಿದರು. ಡಾಕ್ಟರು ಬೆರಳ ತುದಿಗೆ ಒತ್ತಿದರು, ಎಳೆ ಬಾಗಿತು. ಬೆರಳ ಬುಡಕ್ಕೆ ಒತ್ತಿದರು. ಇನ್ನೊಂದು ಕಾಲಿಗೂ ಒತ್ತಿದರು. ಅಪ್ಪ ಸುಮ್ಮನೆ ಕೂತಿದ್ದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಹೇಳಿದರು, "ಶುರು ಮಾಡಿ ಡಾಕ್ಟ್ರೆ, ನಾನು ತಯಾರಿದ್ದೇನೆ."

ಡಾಕ್ಟರು ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಅಪ್ಪನಿಗೆ ಕಣ್ಣು ತೆರೆಯಲು ಹೇಳಿ, ಮೆಲ್ಲಗೆ ಕೇಳಿದರು, "ಕಾಲ ಕೆಳಗೆ ಬ್ರೇಕು ಉಂಟಾ ಎಕ್ಸಿಲೇಟರ್ ಉಂಟಾ ಅಂತ ನೋಡದೆ ನಿಮಗೆ ಗೊತ್ತಾಗ್ತದಾ?"

ಅಪ್ಪ ತಮ್ಮ ಕಾಲನ್ನು ನೋಡಿಕೊಂಡು, ಇಲ್ಲವೆಂದು ತಲೆಯಾಡಿಸಿದರು.

ವರ್ಷಗಟ್ಟಲೆ ಏರಿದ ಸಕ್ಕರೆ ಕಾಲಿನ ನರಗಳನ್ನು ಸಾಯಿಸಿದೆ ಎಂದು ಡಾಕ್ಟರು ವಿವರಿಸಿದರು. ನೋವು ಎಂಬ ಎಚ್ಚರಿಕೆಯೇ ಇಲ್ಲದ ಕಾಲು ಸುಟ್ಟರೂ ಚುಚ್ಚಿದರೂ ಗೊತ್ತಾಗುವುದಿಲ್ಲ. ರಕ್ತದ ಓಟ ಕಡಿಮೆಯಾದರೆ, ಸಕ್ಕರೆ ಹೆಚ್ಚಿದ್ದರೆ, ಆದ ಗಾಯ ಮಾಯುವುದೂ ಇಲ್ಲ, ಕೀವು ಬೇಗ ಹಿಡಿಯುತ್ತದೆ. ಅಪ್ಪನಿಗೆ ಪಾದದ ನಾಡಿ ಸಿಗುತ್ತಿತ್ತು, ಎಂದರೆ ರಕ್ತದ ಓಟ ಇತ್ತು, ಅದೊಂದೇ ಸಮಾಧಾನ. ಕೊಳೆತ ಚರ್ಮವನ್ನು ಕತ್ತರಿಸಿ ತೆಗೆಯುವಾಗ ಅಪ್ಪ ಮುಖ ಕೂಡ ಕಿವಿಚಲಿಲ್ಲ. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಅಪ್ಪನನ್ನು ಅಲ್ಲೇ ದಾಖಲು ಮಾಡಿ ಇನ್ಸುಲಿನ್ ಮತ್ತು ಆಂಟಿಬಯೋಟಿಕ್ ಶುರು ಮಾಡಿದರು. ಕೆಂಪು ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿಗೆ ಡಾಕ್ಟರು ಪೆನ್ನಿನಿಂದ ಪಾದದ ಮೇಲೆ ಗೆರೆ ಎಳೆದರು. ಇದನ್ನು ದಾಟಿದರೆ ಒಳಗೆ ಕೀವು ಹಬ್ಬುತ್ತಿದೆ ಎಂದರ್ಥ, ಆಗ ಕೊಯ್ದು ತೆಗೆಯಬೇಕಾಗುತ್ತದೆ, ಎಲುಬಿಗೆ ತಾಗಿದ್ದರೆ ಬೆರಳು ಉಳಿಯುವುದು ಕಷ್ಟ ಎಂದರು. ಸುದ್ದಿ ತಿಳಿದು ಬಂದ ಅಮ್ಮ ಹಾಸಿಗೆಯ ಬುಡದಲ್ಲಿ ಕೂತು ಆ ಗೆರೆಯನ್ನೇ ಕಾದಳು. ಸಂಜೆಯವರೆಗೂ ಕೆಂಪು ಗೆರೆಯ ಅಂಚಿನಲ್ಲೇ ಇತ್ತು. ಮರುದಿನ ಬೆಳಗಾಗುವಾಗ ದಾಟಿತ್ತು.

ಅಪ್ಪನನ್ನು ಆಪರೇಷನ್ ಕೋಣೆಯೊಳಗೆ ಕೊಂಡುಹೋದರು. ಹೊರಗಿನ ಬೆಂಚಿನಲ್ಲಿ ನಾನು, ಅಮ್ಮ, ಟ್ರಿಪ್ಪು ಬಿಟ್ಟು ಬಂದ ಕಂಡಕ್ಟರ್. ಡಾಕ್ಟರು ಹೊರಬಂದು, ಕೀವು ತೆಗೆದಿದ್ದೇವೆ, ಎಲುಬು ಸರಿ ಇದೆ, ಬೆರಳು ಸದ್ಯಕ್ಕೆ ಉಳಿಯಿತು ಎಂದರು. ನಾನು ಬಗ್ಗಿ ಮುಖವನ್ನು ವೇಲಿನಲ್ಲಿ ಒರಸಿಕೊಂಡೆ. ಅದು ಕುತ್ತಿಗೆಯಿಂದ ಜಾರಿತು.

ಡಾಕ್ಟರು ಹೋಗುತ್ತಿದ್ದವರು ನಿಂತರು. ನನ್ನನ್ನು ಕೋಣೆಗೆ ಕರೆದು ಕುತ್ತಿಗೆ ನೋಡಿದರು, ಕಂಕುಳಲ್ಲೂ ಹೀಗೆ ಇದೆಯಾ ಎಂದು ಕೇಳಿದರು. ಇತ್ತು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಅಮ್ಮ ನಾಚಿಕೆಯಿಂದ ಹೇಳಿದಳು.

"ತಿಕ್ಕಬೇಡಿ ಅಮ್ಮ. ಇದು ಕೊಳೆ ಅಲ್ಲ, ಕೊಳೆ ಆಗಿದ್ರೆ ಯಾವತ್ತೋ ಹೋಗ್ತಿತ್ತು."

ಇವಳ ದೇಹ ತನ್ನ ಇನ್ಸುಲಿನಿನ ಮಾತು ಕೇಳುತ್ತಿಲ್ಲ, ಹಾಗಾಗಿ ಅದು ರಕ್ತದಲ್ಲಿ ಹೆಚ್ಚುತ್ತದೆ, ಹೆಚ್ಚಾದದ್ದು ಚರ್ಮವನ್ನು ಹೀಗೆ ದಪ್ಪ, ಕಪ್ಪು ಮಾಡುತ್ತದೆ ಎಂದರು. ಇದು ಅಂಟುವುದಿಲ್ಲ, ಇದರಿಂದ ಅಪಾಯವೂ ಇಲ್ಲ. ಆದರೆ ಸಕ್ಕರೆ ಕಾಯಿಲೆ ಬರಬಹುದೆಂಬ ಸೂಚನೆ. ರಕ್ತ ಪರೀಕ್ಷೆಯಲ್ಲಿ ನನ್ನ ಸಕ್ಕರೆ ಗಡಿಯಲ್ಲಿತ್ತು. ಕಾಯಿಲೆಯಾಗಿರಲಿಲ್ಲ, ಸರಿಯಾಗಿಯೂ ಇರಲಿಲ್ಲ.

ತಮ್ಮ ಕಾಲಿಗಾಗಿ ಒಮ್ಮೆಯೂ ಅಳದ ಅಪ್ಪ ಈ ಸುದ್ದಿ ಕೇಳಿ ಗೋಡೆಯ ಕಡೆ ತಿರುಗಿಕೊಂಡರು. "ನನ್ನದು ಇವಳಿಗೂ ಬಂತಾ?" ಎಂದಷ್ಟೇ ಕೇಳಿದರು. ಅಮ್ಮ ವರ್ಷಗಟ್ಟಲೆ ತಿಕ್ಕಿದ ನನ್ನ ಕುತ್ತಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಆ ಪಾದದ ಮೇಲೆ ಭಾರ ಬೀಳಬಾರದು ಎಂಬುದೇ ಮದ್ದಿಗಿಂತ ದೊಡ್ಡ ಕಟ್ಟಳೆ. ಅಪ್ಪ ವಾಕರ್ ಹಿಡಿದು ಒಂಟಿ ಕಾಲಲ್ಲಿ ಜಿಗಿಯುತ್ತಾ ಸಿಡುಕುತ್ತಿದ್ದರು, ಅಮ್ಮನೊಡನೆ ಜಗಳವಾಡುತ್ತಿದ್ದರು. ಗಾಯ ಒಂದು ವಾರ ಕುಗ್ಗಿದರೆ ಮುಂದಿನ ವಾರ ಇದ್ದಷ್ಟೇ ಇರುತ್ತಿತ್ತು. ಪ್ರತಿ ಸಲ ಬ್ಯಾಂಡೇಜ್ ಬಿಚ್ಚುವಾಗ ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಮಾಯ್ದ ಮೇಲೂ ಡಾಕ್ಟರು, ಆ ಚರ್ಮಕ್ಕೆ ಮೊದಲಿನ ಗಟ್ಟಿ ಬರುವುದಿಲ್ಲ, ಅದೇ ಜಾಗದಲ್ಲಿ ಮತ್ತೆ ಒಡೆಯಬಹುದು ಎಂದರು. ಅಪ್ಪ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಈಗ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಸಮಯ ನೋಡುವ ಕೆಲಸದಲ್ಲಿದ್ದಾರೆ.

ಮನೆಯ ಒಳಗೂ ಅವರಿಗೆ ಚಪ್ಪಲಿ ಉಂಟು. ಮೊದಲಿಗೆ ಅಮ್ಮನ ಕಣ್ಣಿಗೆ ಅದು ಚುಚ್ಚುತ್ತಿತ್ತು. ಹೊರಗೆ ಹೋಗುವಾಗ ಅಗಲ ಮೂತಿಯ ಶೂ, ರಕ್ತ ತಾಗಿದರೆ ಕಾಣಲಿ ಎಂದು ಬಿಳಿ ಸಾಕ್ಸ್. ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಮೊಳೆ ಇದೆಯೇ ಎಂದು ತಡವುತ್ತಾರೆ. ಸ್ನಾನದ ನೀರನ್ನು ಅಮ್ಮ ಮೊಣಕೈಯಿಂದ ಮುಟ್ಟಿ ನೋಡುತ್ತಾಳೆ. ಪಾದ ಒಡೆಯದಂತೆ ತೆಂಗಿನೆಣ್ಣೆ ಹಚ್ಚುತ್ತಾರೆ, ಬೆರಳ ಸಂದಿಗೆ ಮಾತ್ರ ಹಚ್ಚುವುದಿಲ್ಲ, ಅಲ್ಲಿ ಒರಸಿ ಒಣಗಿಸುತ್ತಾರೆ. ದೈವಸ್ಥಾನದ ಅಂಗಳಕ್ಕೆ ಬಿಸಿಲೇರುವ ಮೊದಲೇ, ಸಾಕ್ಸ್ ಹಾಕಿಕೊಂಡು ಹೋಗಿಬರುತ್ತಾರೆ. ದಿನಾ ಸಂಜೆ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತಾರೆ.

ನಾನು ಬಂಟ್ವಾಳದಲ್ಲಿ ಕೆಲಸಕ್ಕೆ ಸೇರಿದೆ. ಅನ್ನ ಕಡಿಮೆ ಮಾಡಿದೆ, ಬೇಕರಿ ತಿಂಡಿ ಬಿಟ್ಟೆ, ದಿನವೂ ನಡೆಯುತ್ತೇನೆ. ತೂಕ ಇಳಿದ ಹಾಗೆ ಕುತ್ತಿಗೆಯ ಕಪ್ಪು ತಿಳಿಯಾಗುತ್ತಾ ಬಂತು. ಪೂರ್ತಿ ಹೋಗಿಲ್ಲ. ಸಕ್ಕರೆ ಸದ್ಯ ಗಡಿಗಿಂತ ಕೆಳಗೆ ಇದೆ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಪ್ಪ ಫೋನು ಮಾಡಿದರು. ಎಂದೂ ಕೆಲಸದ ಹೊತ್ತಿನಲ್ಲಿ ಕರೆಯದವರು.

"ಮಗಾ, ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಬಿರಿದಿದೆ. ನೋವಿಲ್ಲ. ನಾನು ಡಾಕ್ಟ್ರ ಹತ್ತಿರ ಹೋಗ್ತಾ ಇದ್ದೇನೆ."

ನಾನು ರಜೆ ಕೇಳಿ, ಸಿಕ್ಕಿದ ಬಸ್ಸು ಹತ್ತಿದೆ. ನಾನು ತಲುಪುವಷ್ಟರಲ್ಲಿ ಡಾಕ್ಟರು ನೋಡಿ ಆಗಿತ್ತು. ಒದ್ದೆಗೆ ಆದ ಫಂಗಸ್ ಸೋಂಕು, ಇವತ್ತೇ ಬಂದದ್ದು ಒಳ್ಳೆಯದಾಯಿತು ಎಂದು ಮುಲಾಮು ಕೊಟ್ಟಿದ್ದರು. ಅಪ್ಪ ಆಸ್ಪತ್ರೆಯ ಜಗಲಿಯಲ್ಲಿ ಸಾಕ್ಸ್ ಬದಲಾಯಿಸಿಕೊಂಡು ಕೂತಿದ್ದರು. ನನ್ನನ್ನು ಕಂಡು, ನೀನು ಯಾಕೆ ಓಡಿ ಬಂದದ್ದು, ಊಟ ಆಯಿತಾ ಎಂದು ಗದರಿದರು.